ಒಂಬತ್ತು ಮೊಬೈಲುಗಳು ಮತ್ತು ನನ್ನದು

ಇಸವಿ 2023. ನನಗೆ ಆಗ ಐವತ್ತೆರಡು ವರ್ಷ. ಕುಷ್ಟಗಿಯಲ್ಲಿ ನಾನು ಇಪ್ಪತ್ತೊಂದು ವರ್ಷ ಕನ್ನಡ ಕಲಿಸಿದ ಚಿಕ್ಕ ಖಾಸಗಿ ಪ್ರೌಢಶಾಲೆ ಮಕ್ಕಳಿಲ್ಲದೆ ಮುಚ್ಚಿ ನಾಲ್ಕು ವರ್ಷಗಳಾಗಿದ್ದವು. ನಾನು ಕೊಪ್ಪಳಕ್ಕೆ ಬಂದು, ಒಂದು ಮುದ್ರಣಾಲಯದಲ್ಲಿ ಲಗ್ನಪತ್ರಿಕೆಗಳ ಕರಡು ತಿದ್ದುವ ಕೆಲಸ ಹಿಡಿದಿದ್ದೆ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಮಹಡಿಯ ಮೇಲಿನ ಬಾಡಿಗೆಯ ಕೋಣೆಯಲ್ಲಿ ಸಂಜೆ ಆರರ ನಂತರ ನನ್ನೊಡನೆ ಮಾತನಾಡುತ್ತಿದ್ದುದು ಮೊಬೈಲು ಮಾತ್ರ. ಅದೂ ವಾಟ್ಸಾಪಿನ ಒಂದೇ ಒಂದು ಗ್ರೂಪು.

ಅದು ನಮ್ಮ ಶಾಲೆಯ ಹಳೆಯ ಸಿಬ್ಬಂದಿಯ ಗ್ರೂಪು. ಹನ್ನೊಂದು ಮಂದಿ. ಶಾಲೆ ಇನ್ನೂ ನಡೆಯುತ್ತಿದ್ದಾಗಲೇ ಅದನ್ನು ರಚಿಸಿದವನು ನಾನು. ಆದ್ದರಿಂದ ಅಡ್ಮಿನ್ ಕೂಡ ನಾನೊಬ್ಬನೇ. ಶುಭೋದಯದ ಹೂವಿನ ಚಿತ್ರಗಳನ್ನು ಹಾಕಕೂಡದು, ಎಲ್ಲಿಂದಲೋ ಬಂದದ್ದನ್ನು ಮುಂದೆ ತಳ್ಳಕೂಡದು, ಕನ್ನಡವನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬೇಕು ಎಂಬ ನಿಯಮಗಳನ್ನು ಮಾಡಿದವನೂ ನಾನೇ. ಈ ನಿಯಮಗಳಿಂದಾಗಿ ಗ್ರೂಪು ಬಹುಮಟ್ಟಿಗೆ ಮೌನವಾಗಿರುತ್ತಿತ್ತು. ಆ ಮೌನವನ್ನು ಶಿಸ್ತೆಂದು ನಾನು ತಿಳಿದಿದ್ದೆ.

ಆ ವರ್ಷದ ನವೆಂಬರ್ 18ರಂದು, ಎಲ್ಲರೂ ಒಮ್ಮೆ ಇಟಗಿಯ ಗುಡಿಯ ಬಳಿ ಸೇರೋಣವೆಂದು ನಾನು ಒಂದು ಪ್ರಕಟಣೆ ಹಾಕಿದೆ. ಜನವರಿಯ ಮೊದಲ ಭಾನುವಾರ. ಬುತ್ತಿ ಕಟ್ಟಿಕೊಂಡು ಬರುವುದು. ಕೊನೆಯ ಸಾಲು ಹೀಗಿತ್ತು: ‘ಪ್ರತಿಯೊಬ್ಬರೂ ತಮ್ಮ ಪತಿ ಅಥವಾ ಪತ್ನಿಯೊಂದಿಗೆ ಕಡ್ಡಾಯವಾಗಿ ಬರತಕ್ಕದ್ದು.’ ನನಗೆ ಕರೆತರಲು ಯಾರೂ ಇಲ್ಲದಿದ್ದರೂ ‘ಪ್ರತಿಯೊಬ್ಬರೂ’ ಎಂದು ಬರೆದೆ. ಪ್ರಕಟಣೆಯೆಂದರೆ ಹಾಗೆಯೇ ಇರಬೇಕೆಂಬುದು ನನ್ನ ಅಭ್ಯಾಸ.

ಮೊದಲು ಉತ್ತರಿಸಿದವರು ಗಣಿತದ ಟೀಚರ್. ‘ಆಗಲಿ ಸರ್. ಹೋಳಿಗೆ ನಾನು ತರುತ್ತೇನೆ’ ಎಂದು ಬರೆದರು. ಅವರದು ಯಾವಾಗಲೂ ಅಷ್ಟೇ ಬರಹ: ‘ಬಂದೆ ಸರ್’, ‘ಮುಗಿಯಿತು ಸರ್’, ‘ಆಗಲಿ ಸರ್’. ಲೆಕ್ಕದ ಉತ್ತರದ ಕೆಳಗೆ ಎರಡು ಗೆರೆ ಎಳೆದಂತೆ.

ಅವರ ಬಗ್ಗೆ ಶಾಲೆಯಲ್ಲಿ ಎಲ್ಲರಿಗೂ ತಿಳಿದಿದ್ದ ಒಂದು ಸಂಗತಿಯೆಂದರೆ ಅವರ ಯಜಮಾನರು ಸೋಲಾಪುರದಲ್ಲಿ ಕೆಲಸದಲ್ಲಿದ್ದಾರೆ, ವರ್ಷಕ್ಕೊಮ್ಮೆ ದೀಪಾವಳಿಗೆ ಬರುತ್ತಾರೆ, ಬರುವಾಗ ಒಂದು ಸೀರೆ ತರುತ್ತಾರೆ ಎಂಬುದು. ರಜೆ ಮುಗಿದ ಮೊದಲ ದಿನ ಟೀಚರ್ ಆ ಸೀರೆಯನ್ನುಟ್ಟು ಬರುತ್ತಿದ್ದರು. ಸಿಬ್ಬಂದಿಯ ಕೋಣೆಯಲ್ಲಿ ಎಲ್ಲರೂ ಸೆರಗು ಮುಟ್ಟಿ ನೋಡಿ ಮೆಚ್ಚುತ್ತಿದ್ದರು. ನಾನು ಮುಟ್ಟುತ್ತಿರಲಿಲ್ಲ, ಆದರೆ ಬಣ್ಣ ಆರಿಸಲು ಬಲ್ಲ ಆ ಮನುಷ್ಯನ ಮೇಲೆ ನನಗೆ ಸಣ್ಣದೊಂದು ಅಸೂಯೆ ಇತ್ತು.

ನವೆಂಬರ್ 20, ಸೋಮವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ಅವರಿಂದ ಗ್ರೂಪಿಗೆ ಒಂದು ಬಹಳ ಉದ್ದನೆಯ ಸಂದೇಶ ಬಂದಿತು. ‘ಅಕ್ಕಾ’ ಎಂದು ಆರಂಭವಾಗಿದ್ದುದರಿಂದ ಅದು ತಮ್ಮ ಅಕ್ಕನಿಗೆ ಬರೆದದ್ದೆಂದೂ ಕೈತಪ್ಪಿ ನಮಗೆ ಬಂದಿದೆಯೆಂದೂ ಮೊದಲ ಸಾಲಿನಲ್ಲಿಯೇ ಗೊತ್ತಾಗುತ್ತಿತ್ತು. ಅಲ್ಲಿಯೇ ನಿಲ್ಲಿಸಬೇಕಾಗಿತ್ತು. ನಾನು ಕೊನೆಯವರೆಗೂ ಓದಿದೆ.

ಆ ವಾಕ್ಯಗಳನ್ನು ಇಲ್ಲಿ ಕೊಡುವುದಿಲ್ಲ. ಯಾರ ಹೆಸರನ್ನೂ ಬರೆಯಬಾರದೆಂಬ ಷರತ್ತಿನ ಮೇಲೆ ಸಾರಾಂಶವನ್ನಷ್ಟೇ ಹೇಳಲು ಟೀಚರ್ ಒಪ್ಪಿದ್ದಾರೆ. ಸಾರಾಂಶ ಇಷ್ಟು: ಗಂಡ ಬಿಟ್ಟುಹೋಗಿ ಹದಿನಾಲ್ಕು ವರ್ಷಗಳಾಗಿದ್ದವು. ಸೋಲಾಪುರದಲ್ಲಿ ಅವನಿಗೆ ಬೇರೆ ಸಂಸಾರವಿತ್ತು. ಅವನು ಒಂದು ದೀಪಾವಳಿಗೂ ಬಂದಿರಲಿಲ್ಲ. ಆ ಸೀರೆಗಳನ್ನೆಲ್ಲ ಟೀಚರ್ ತಾವೇ ಗದಗಿಗೆ ಹೋಗಿ ಕೊಂಡು ತಂದಿದ್ದರು. ಈಗ ಇಟಗಿಗೆ ಯಾರನ್ನು ಕರೆದುಕೊಂಡು ಹೋಗಲಿ ಎಂದು ಅಕ್ಕನನ್ನು ಕೇಳಿದ್ದರು.

ಸಂದೇಶ ಹಾಗೆಯೇ ಇತ್ತು. ನಾಲ್ಕೂಕಾಲಿಗೆ ಯಲಬುರ್ಗಾದ ನಮ್ಮ ಡ್ರಿಲ್ ಮಾಸ್ತರರು ಆ ಸಂದೇಶಕ್ಕೇ ಉತ್ತರವಾಗಿ ಎರಡು ಕೈಮುಗಿದ ಚಿತ್ರಗಳನ್ನು ಹಾಕಿ, ‘ಧೈರ್ಯ ತಗೋರಿ ಮೇಡಂ’ ಎಂದು ಬರೆದರು. ಐದು ಗಂಟೆಗೆ ನನ್ನ ಪರದೆಯ ಮೇಲೆ, ಗಣಿತದ ಟೀಚರ್ ಗ್ರೂಪನ್ನು ತೊರೆದರೆಂಬ ಬೂದು ಬಣ್ಣದ ಒಂದು ಸಾಲು ಮೂಡಿತು. ಆ ಸಾಲು ಅಡ್ಮಿನ್‌ಗೆ ಮಾತ್ರ ಕಾಣುವುದೆಂಬುದು ನನಗೆ ಆಗ ಗೊತ್ತಿರಲಿಲ್ಲ.

ನಾನು ಮಾಡಿದ್ದೇನೆಂದರೆ, ಅವರಿಗೊಂದು ಸಾಂತ್ವನದ ಪತ್ರ ಬರೆಯಲು ಕುಳಿತೆ. ಸೋಮವಾರ ಸಂಜೆ ಕರಡು. ಮಂಗಳವಾರ ತಿದ್ದುಪಡಿ. ಬುಧವಾರ ‘ಅನುಕಂಪ’ ಎಂಬ ಪದವನ್ನು ತೆಗೆದು, ಮತ್ತೆ ಸೇರಿಸಿ, ಮತ್ತೆ ತೆಗೆದೆ. ಗುರುವಾರ ಸಂಜೆ ಅದನ್ನು ಅವರ ನಂಬರಿಗೆ ಕಳುಹಿಸಿದೆ. ಒಂದೇ ಗೀಟು ಬಿದ್ದಿತು; ಎರಡನೆಯದು ಬೀಳಲಿಲ್ಲ. ಅವರ ಚಿತ್ರವಿದ್ದ ಜಾಗದಲ್ಲಿ ಬೂದು ಬಣ್ಣದ ಆಕೃತಿ ಮಾತ್ರ ಉಳಿದಿತ್ತು. ನನ್ನನ್ನು ಬ್ಲಾಕ್ ಮಾಡಿರಬೇಕೆಂದುಕೊಂಡೆ. ಪ್ರಕಟಣೆಯ ಆ ‘ಕಡ್ಡಾಯವಾಗಿ’ ನೆನಪಾಗಿ, ಮಾಡಿದ್ದರೆ ತಪ್ಪಿಲ್ಲವೆನಿಸಿತು. ಹತ್ತು ನಿಮಿಷ ಕಾದು, ಕೊನೆಗೆ ಸಾಮಾನ್ಯ ಫೋನ್ ಕರೆಯನ್ನೇ ಮಾಡಿದೆ. ಎರಡನೆಯ ರಿಂಗಿಗೆ ಎತ್ತಿದರು.

“ಸರ್, ನಾನು ಅಕೌಂಟs ಅಳಿಸಿಬಿಟ್ಟೀನ್ರಿ. ಮೊದ್ಲ ಆ ಮೆಸೇಜ್ ಅಳಿಸಿದ್ದೆ, ನನ್ನ ಮೊಬೈಲಿನಾಗಿಂದ ಹೋತು. ಎಲ್ಲಾರದೂ ಹೋತು ಅಂತ ತಿಳದಿದ್ದೆ. ಆಮ್ಯಾಲ ಡ್ರಿಲ್ ಸರ್ ಕೈ ಮುಗದ್ರಲ್ರಿ, ಆಗ ಗೊತ್ತಾತು. ಅದಕ್ಕ ಅಕೌಂಟ್ ಬುಡಸಮೇತ ಕಿತ್ತಿ ಹಾಕಿದೆ. ಈಗ ಎಲ್ಲಾ ಹೋಗೇತಿ ಹೌದಲ್ರಿ?”

ಬೇರೆ ಮನುಷ್ಯರಾಗಿದ್ದರೆ ನಿಜ ಹೇಳುತ್ತಿದ್ದರೋ ಏನೋ. ಅರ್ಧ ಗಂಟೆಯ ಹಿಂದಷ್ಟೇ ಆ ಸಂದೇಶವನ್ನು ನಾನು ಮತ್ತೊಮ್ಮೆ ಓದಿದ್ದೆ. ‘ಇದೆ’ ಎನ್ನಬೇಕಾದಲ್ಲಿ ‘ಇಲ್ಲ’ ಎಂದು ಬರೆದ ಹುಡುಗರನ್ನು ಇಪ್ಪತ್ತೊಂದು ವರ್ಷ ಬೆಂಚಿನ ಮೇಲೆ ನಿಲ್ಲಿಸಿದವನು ನಾನು.

“ಹೋಗಿದೆ” ಎಂದೆ.

ಅತ್ತ ಕಡೆ ಉಸಿರು ಬಿಟ್ಟ ಸದ್ದು ಕೇಳಿಸಿತು. “ಯಾರ್ ಓದ್ಯಾರೋ ಯಾರ್ ಬಿಟ್ಟಾರೋ, ಹೋಗ್ಲಿ ಬಿಡ್ರಿ. ಇನ್ನೊಮ್ಮೆ ತಗದು ಓದಾಕ ಸಿಗದಿದ್ರ ಸಾಕು. ಹಂಗಾದ್ರ ಇಟಗಿಗೆ ಬರ್ತೀನ್ರಿ ಸರ್. ಅದು ಅಲ್ಲೇ ಕುಂತಿದ್ರ ಮಾತ್ರ ನನ್ನ ಕೈಲೆ ಅವ್ರ ಮಾರಿ ನೋಡಾಕ ಆಗ್ತಿದ್ದಿಲ್ಲ.”

ಕರೆ ಮುಗಿಯಿತು. ನಾನು ಆಡಿದ ಸುಳ್ಳಿಗೆ ಆರು ವಾರ ಮೂರು ದಿನಗಳ ಆಯುಷ್ಯವಿತ್ತು. ಅಷ್ಟರೊಳಗೆ ಅದನ್ನು ನಿಜ ಮಾಡಬೇಕಾಗಿತ್ತು.

ತಕ್ಷಣ ಗಂಗಾವತಿಯ ನಮ್ಮ ಹಳೆಯ ಕಂಪ್ಯೂಟರ್ ಟೀಚರಿಗೆ ಫೋನ್ ಮಾಡಿದೆ. ಅವರೂ ಗ್ರೂಪಿನ ಸದಸ್ಯೆ. ಈಗ ಬಸ್ ನಿಲ್ದಾಣದ ಬಳಿ ತಮ್ಮದೇ ತರಬೇತಿ ಕೇಂದ್ರ ನಡೆಸುತ್ತಾರೆ. ಒಬ್ಬರು ತಮ್ಮ ಖಾತೆಯನ್ನೇ ಅಳಿಸಿದರೆ ಗ್ರೂಪಿನಲ್ಲಿ ಅವರು ಬರೆದದ್ದು ಏನಾಗುತ್ತದೆಂದು ಕೇಳಿದೆ.

“ಏನೂ ಆಗಂಗಿಲ್ರಿ ಸರ್. ಆಕಿ ಮೊಬೈಲಿನಾಗಿಂದು ಹೋಗ್ತೈತಿ, ಆಕಿ ಬ್ಯಾಕಪ್ ಹೋಗ್ತೈತಿ, ಎಲ್ಲಾ ಗ್ರೂಪಿನಾಗಿಂದ ಹೆಸರು ಹೋಗ್ತೈತಿ, ಫೋಟೋ ಹೋಗ್ತೈತಿ. ನಮ್ಮ ಮೊಬೈಲಿಗೆ ಬಂದದ್ದು ನಮ್ದು. ಅದು ಎಲ್ಲಿ ಹೋಗ್ತೈತ್ರಿ?”

“ಆದರೆ ಅವರ ಹೆಸರು ಸಂದೇಶದ ಮೇಲೆ ಇನ್ನೂ ಕಾಣುತ್ತಿದೆಯಲ್ಲ?”

“ಅದು ನೀವು ಸೇವ್ ಮಾಡ್ಕೊಂಡ ಹೆಸರು ಸರ್. ನಿಮ್ಮ ಪುಸ್ತಕದಾಗ ನೀವು ಬರಕೊಂಡದ್ದು.”

“ಅವರು ನನ್ನನ್ನು ಬ್ಲಾಕ್ ಮಾಡಿಲ್ಲ ತಾನೆ?”

“ಹೊಸ ಚಾಟ್ ತಗೀರಿ, ಹೆಸರು ಹುಡುಕ್ರಿ. ಬ್ಲಾಕ್ ಆಗಿದ್ರ ಮ್ಯಾಲೆ ಎಲ್ಲಾರ ಸಾಲಿನ್ಯಾಗ ಇರ್ತೈತಿ. ಕೆಳಗ ‘ಆಹ್ವಾನಿಸಿ’ ಅನ್ನೋರ ಸಾಲಿನ್ಯಾಗ ಇದ್ರ ಆಕಿಗೆ ಅಕೌಂಟs ಇಲ್ಲ ಅಂತ ತಿಳೀರಿ.”

ನೋಡಿದೆ. ಕೆಳಗಿತ್ತು. ಆರು ವರ್ಷ ಗ್ರೂಪಿನಲ್ಲಿದ್ದವರನ್ನು ಆಹ್ವಾನಿಸುವಂತೆ ಮೊಬೈಲು ನನ್ನನ್ನು ಕೇಳುತ್ತಿತ್ತು.

“ಸರ್, ಒಂದ್ ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ” ಎಂದರು ಕಂಪ್ಯೂಟರ್ ಟೀಚರ್. “ಅಡ್ಮಿನ್ ನೀವs ಅಲ್ರಿ? ಯಾರ್ ಬರದಿದ್ರೂ ಅಡ್ಮಿನ್ ಅಳಿಸಬಹುದು, ಎಲ್ಲಾರ ಮೊಬೈಲಿನಾಗಿಂದ ಒಂದs ಸಲಕ್ಕ. ಆದ್ರ ಎರಡು ದಿನ, ಅದರ ಮ್ಯಾಲೊಂದಿಷ್ಟು ತಾಸು, ಅಷ್ಟs. ಅದು ಇವತ್ತು ನಸುಕಿಗೆ ಮುಗದೈತಿ. ನೀವು ಅಳಿಸ್ತೀರಿ ಅಂತ ನಾನೂ ಸುಮ್ಮನಿದ್ದೆ. ಸಾಲಿಯಾಗ ಬೋರ್ಡಿನ ಮ್ಯಾಲಿನ ಒಂದ್ ಚುಕ್ಕಿ ಬಿಟ್ಟೋರಲ್ಲ ನೀವು.”

ಮೊಬೈಲನ್ನು ಕಿವಿಯಿಂದ ತೆಗೆದು, ಸಂದೇಶದ ಮೇಲೆ ಬೆರಳಿಟ್ಟು ಒತ್ತಿ ನೋಡಿದೆ. ‘ಡಿಲೀಟ್ ಫಾರ್ ಎವ್ರಿವನ್’ ಇರಲಿಲ್ಲ. ‘ಡಿಲೀಟ್ ಫಾರ್ ಮಿ’ ಒಂದೇ ಇತ್ತು. ಸೋಮವಾರ ಟೀಚರ್ ಗಾಬರಿಯಲ್ಲಿ ಒತ್ತಿದ್ದೂ ಅದನ್ನೇ. ಅವರದು ಒಂದು ಕ್ಷಣದ ತಪ್ಪು. ನನ್ನದು ಮೂರು ದಿನಗಳ ಪತ್ರಲೇಖನ.

“ಈಗ ಉಪಾಯವೇನು?”

“ಒಬ್ಬೊಬ್ಬರ ಮೊಬೈಲಿನ್ಯಾಗ ಕೈಲೆ ಅಳಿಸಬೇಕು. ಅಳಿಸಿದ ಮ್ಯಾಲೆ ಬ್ಯಾಕಪ್ ಒತ್ತಿಸ್ರಿ, ಇಲ್ಲಾಂದ್ರ ಹಳೇ ಬ್ಯಾಕಪ್ಪಿನ್ಯಾಗ ಉಳಿದಿರ್ತೈತಿ. ನನ್ನದು ಈಗ ಅಳಸ್ತೀನಿ, ಬರೋ ಕೆಲಸಿಲ್ಲ.”

“ಬರುತ್ತೇನೆ” ಎಂದೆ.

“ನಂಬಿಕಿ ಇಲ್ಲೇನ್ರಿ?”

“ಹಾಗಲ್ಲ, ನಾನೇ ನೋಡಿ ನೋಟುಬುಕ್ಕಿನಲ್ಲಿ ಗುರುತು ಹಾಕಬೇಕು.”

ನಕ್ಕರು. “ಬರ್ರಿ. ಮಿರ್ಚಿ ಭಜಿ ತಿನ್ಕೊಂಡ ಹೋಗ್ರಿ.”

ನನ್ನನ್ನು ಬಿಟ್ಟರೆ ಒಂಬತ್ತು ಮೊಬೈಲುಗಳು. ಕುಷ್ಟಗಿಯಲ್ಲಿ ಮೂರು, ಯಲಬುರ್ಗಾದಲ್ಲಿ ಎರಡು, ಗಂಗಾವತಿಯ ಕಡೆ ಎರಡು, ಕೊಪ್ಪಳದಲ್ಲಿಯೇ ಎರಡು. ಫೋನಿನಲ್ಲಿ ಕೇಳಿಕೊಳ್ಳಬಹುದಾಗಿತ್ತು, ಆದರೆ ಕೇಳಿದರೆ, ಓದದಿದ್ದವರೂ ಹುಡುಕಿ ಓದುತ್ತಿದ್ದರು. ಉದ್ದನೆಯ ಸಂದೇಶವಾದ್ದರಿಂದ ಪರದೆಯ ಮೇಲೆ ಅದರ ಒಂದು ಭಾಗವಷ್ಟೇ ಕಾಣುತ್ತಿತ್ತು. ಉಳಿದದ್ದನ್ನು ಓದಬೇಕಾದರೆ ‘ಇನ್ನಷ್ಟು’ ಎಂಬುದನ್ನು ಒತ್ತಬೇಕಾಗಿತ್ತು. ನಮ್ಮವರಲ್ಲಿ ಹೆಚ್ಚಿನವರು ಯಾವುದಕ್ಕೂ ‘ಇನ್ನಷ್ಟು’ ಒತ್ತುವವರಲ್ಲ. ಒಂದು ನೋಟುಬುಕ್ಕಿನಲ್ಲಿ ಒಂಬತ್ತು ಸಾಲು ಎಳೆದೆ, ಭಾನುವಾರಗಳನ್ನು ಹಂಚಿದೆ.

ಮೊದಲನೆಯ ಭಾನುವಾರ ಕುಷ್ಟಗಿ. ಮುಚ್ಚಿದ ಶಾಲೆಯ ಗೇಟಿನ ಮುಂದೆ ಇಳಿಯಬೇಕಾಗಿ ಬಂದದ್ದನ್ನು ಬಿಟ್ಟರೆ ಕೆಲಸ ಸುಲಭವಾಗಿಯೇ ಸಾಗಿತು. ನಮ್ಮ ಶಾಲೆಗೆ ಜವಾನನಾಗಿದ್ದ ಸಿಪಾಯಿ ಈಗ ಎರಡು ಎಮ್ಮೆ ಕಟ್ಟಿದ್ದಾನೆ. ಕೊಟ್ಟಿಗೆಯ ಮುಂದೆ ಕುಳ್ಳಿರಿಸಿ ಚಹಾ ಕೊಟ್ಟ. ನಿನ್ನ ಮೊಬೈಲನ್ನು ಒಮ್ಮೆ ಕೊಡು, ಗ್ರೂಪಿನಲ್ಲಿ ಒಂದು ತಪ್ಪು ಆಗಿದೆ, ತಿದ್ದಬೇಕು ಎಂದೆ.

“ತಪ್ಪು ತಿದ್ದಾಕ ಕೊಪ್ಪಳದಿಂದ ಬಂದೀರ್ರಿ? ನೀವು ಮಾತ್ರ ಬದಲಾಗಂಗಿಲ್ ನೋಡ್ರಿ ಸರ್” ಎಂದು ಮೊಬೈಲು ಕೊಟ್ಟ. ಅವನಿಗೆ ಅನುಮಾನವೇ ಬರಲಿಲ್ಲ. ನನ್ನ ಹಳೆಯ ಕುಖ್ಯಾತಿ ಅಷ್ಟು ಉಪಯುಕ್ತವಾದೀತೆಂದು ನಾನು ಎಣಿಸಿರಲಿಲ್ಲ. ಗುಮಾಸ್ತರ ಮನೆಯಲ್ಲಿಯೂ ಇಂಗ್ಲಿಷ್ ಮಾಸ್ತರರ ಮನೆಯಲ್ಲಿಯೂ ಅದೇ ಮಾತು, ಅದೇ ನಗೆ, ಅದೇ ಚಹಾ. ಮೂರು ಸಾಲುಗಳಿಗೆ ಗುರುತು ಹಾಕಿದೆ.

ಗಣಿತದ ಟೀಚರ್ ಇದ್ದದ್ದೂ ಕುಷ್ಟಗಿಯಲ್ಲಿಯೇ. ಅವರ ಓಣಿಯ ತುದಿಯವರೆಗೆ ಹೋದೆ. ಮನೆಯೊಳಗಿಂದ ಟ್ಯೂಷನ್ನಿನ ಮಕ್ಕಳು ಮಗ್ಗಿ ಹೇಳುವುದು ಕೇಳಿಸುತ್ತಿತ್ತು. ಹದಿನೇಳರ ಮಗ್ಗಿ ಮುಗಿಯುವವರೆಗೆ ನಿಂತಿದ್ದು ತಿರುಗಿ ಬಂದೆ.

ಎರಡನೆಯ ಭಾನುವಾರ ಯಲಬುರ್ಗಾ. ಡ್ರಿಲ್ ಮಾಸ್ತರರು ಸಂದೇಶವನ್ನು ಓದಿದ್ದವರು. ಅವರೊಡನೆ ನೆಪ ಹೇಳುವಂತಿರಲಿಲ್ಲ. ನೇರವಾಗಿ ಹೇಳಿದೆ.

“ಪಾಪ, ಮೇಡಂಗ ಧೈರ್ಯ ಬರ್ಲಿ ಅಂತ ಬರದ್ನಿ ನಾನು” ಎಂದರು. “ಅದs ಬಾಂಬ್ ಆತ?”

“ನೀವು ಬರೆಯದಿದ್ದರೆ ಸಂದೇಶ ಉಳಿದಿರುವುದು ಅವರಿಗೆ ತಿಳಿಯುತ್ತಲೇ ಇರಲಿಲ್ಲ.”

“ನೀವು ಕಡ್ಡಾಯ ಅಂತ ಬರೀದಿದ್ರ ಆಕಿ ಅಕ್ಕಗ ಬರೀತಿದ್ದಿಲ್ಲ.”

ಅವರೇ ಮೊಬೈಲು ತೆಗೆದು ಸಂದೇಶವನ್ನು ಅಳಿಸಿ ನನ್ನ ಮುಂದೆ ಹಿಡಿದರು. ಗುರುತು ಹಾಕಲು ನೋಟುಬುಕ್ಕು ಬಿಚ್ಚಿದವನು ಪರದೆಯನ್ನು ನೋಡುತ್ತಲೇ ಕುಳಿತೆ. ಸಂದೇಶ ಹೋಗಿತ್ತು. ಆದರೆ ಅದರ ಕೆಳಗಿದ್ದ ಇವರ ‘ಧೈರ್ಯ ತಗೋರಿ ಮೇಡಂ’ ಎಂಬ ಉತ್ತರ ಹಾಗೆಯೇ ಇತ್ತು. ಆ ಉತ್ತರದ ನೆತ್ತಿಯ ಮೇಲೆ, ಚಿಕ್ಕ ಪೆಟ್ಟಿಗೆಯೊಂದರಲ್ಲಿ, ಟೀಚರ್ ಬರೆದ ಮೊದಲ ಎರಡು ಮೂರು ಸಾಲುಗಳೂ ಇದ್ದವು. ಮೂಲ ಹೋದರೂ ಉಲ್ಲೇಖ ಉಳಿದಿತ್ತು. ‘ಅಕ್ಕಾ’ ಎಂಬುದೂ ಇತ್ತು, ಗಂಡ ಎಂಬುದೂ ಇತ್ತು.

“ನಿಮ್ಮ ಉತ್ತರವನ್ನೂ ಅಳಿಸಬೇಕು.”

“ಅಳಸೂಣ್ರಿ” ಎಂದು ಅಳಿಸಿದರು. ನಾನು ಮೊದಲ ಮೂರು ಸಾಲುಗಳ ಗುರುತುಗಳನ್ನು ಹೊಡೆದುಹಾಕುತ್ತಿದ್ದುದನ್ನು ನೋಡಿ, “ಯಾಕ್ರಿ?” ಎಂದರು.

“ಕುಷ್ಟಗಿಯ ಮೂರೂ ಮೊಬೈಲುಗಳಲ್ಲಿ ನಿಮ್ಮ ಉತ್ತರ ಹಾಗೆಯೇ ಇದೆ.”

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಇಪ್ಪತ್ತೊಂದು ವರ್ಷ ಹುಡುಗರ ಕೈಲೆ ಹತ್ತು ಹತ್ತು ಸಲ ಬರಸಿದ್ರಿ. ಈಗ ನಿಮ್ಮ ಪಾಳಿ. ಹೋಗ್ರಿ, ತಿರುಗಾ ಹೋಗ್ರಿ!” ಆಮೇಲೆ ನಗೆ ನಿಲ್ಲಿಸಿ, ಬಾಗಿಲವರೆಗೆ ಬಂದು ಕೇಳಿದರು: “ಸರ್, ನಿಮ್ಮ ಮೊಬೈಲಿನಾಗಿಂದು ಅಳಿಸೀರಿ?”

“ಅದನ್ನು ಕೊನೆಗೆ” ಎಂದೆ.

“ಕೊನಿಗೆ” ಎಂದು ಅವರು ನನ್ನ ಮುಖ ನೋಡಿದರು.

ಸಂಜೆ ಅದೇ ಊರಿನ ಚಿತ್ರಕಲಾ ಮಾಸ್ತರರ ಮೊಬೈಲಿನಿಂದ ಎರಡನ್ನೂ ತೆಗೆಸಿದೆ. ಮುಂದಿನ ಭಾನುವಾರ ಮತ್ತೆ ಕುಷ್ಟಗಿ. ಸಿಪಾಯಿ ಈ ಸಲ ಚಹಾದ ಜೊತೆ ಖಾರಾ ಮಂಡಕ್ಕಿಯನ್ನೂ ಕೊಟ್ಟ. “ಇನ್ನೊಂದ್ ತಪ್ಪು ಸಿಕ್ತೇನ್ರಿ?” ಎಂದ. ಸಿಕ್ಕಿತು ಎಂದೆ. “ಇನ್ನೂ ಹುಡುಕ್ರಿ ಸರ್, ಸಿಗ್ತಾವ. ನಮ್ಮನಿಗೆ ಬರೋರರ ಯಾರದಾರ?” ಎಂದ. ಆ ಮಾತು ದಾರಿಯುದ್ದಕ್ಕೂ ನನ್ನ ಜೊತೆ ಬಂದಿತು. ನೆಪವೆಂದು ನಾನು ತೆಗೆದುಕೊಂಡು ಹೋದದ್ದು ಅವನಿಗೆ ನೆಪವಾಗಿ ಕಂಡಿರಲಿಲ್ಲ, ಭೇಟಿಯಾಗಿ ಕಂಡಿತ್ತು. ಬಸ್ಸಿನ ಕಿಟಕಿಯಾಚೆ ಬಿಳಿಜೋಳ ಆಳೆತ್ತರ ನಿಂತಿತ್ತು. ನಾಲ್ಕು ವರ್ಷಗಳಲ್ಲಿ ನಾನು ಇವರಲ್ಲೊಬ್ಬರ ಮನೆಯ ಹೊಸ್ತಿಲನ್ನೂ ತುಳಿದಿರಲಿಲ್ಲ.

ಗಂಗಾವತಿಯಲ್ಲಿ ಕಂಪ್ಯೂಟರ್ ಟೀಚರ್ ಅಳಿಸಿದ್ದನ್ನು ತೋರಿಸಿ ಗುರುತು ಹಾಕಿಸಿಕೊಂಡರು. ಡ್ರಿಲ್ ಮಾಸ್ತರರ ಉತ್ತರವನ್ನೂ ಅವರು ಮೊದಲೇ ತೆಗೆದಿದ್ದರು; ನನಗೆ ಹೇಳಲು ಮರೆತಿದ್ದರಂತೆ. ಇನ್ನೊಬ್ಬರು ವಿಜ್ಞಾನದ ಮಾಸ್ತರರು. ವಿರೂಪಾಪುರಗಡ್ಡೆಯಲ್ಲಿ ತಮ್ಮ ಹಿರಿಯರ ಗದ್ದೆಯನ್ನು ನೋಡಿಕೊಂಡಿದ್ದಾರೆ. ಬದುವಿನ ಮೇಲೆ ನಡೆದು ಹೋಗಿ ಅವರನ್ನು ಹಿಡಿದೆ.

“ನನ್ನ ಮೊಬೈಲು ಗದ್ದಿ ನೀರಾಗ ಬಿದ್ದು ಹದಿನೈದು ದಿನ ಆತ್ರಿ. ಇದು ಹೊಸಾದು. ಬ್ಯಾಕಪ್ಪು ಗೀಕಪ್ಪು ನಾ ಎಂದೂ ಮಾಡಿಲ್ಲ. ಗ್ರೂಪ್ ಐತಿ, ಒಳಗ ಹಳೇದು ಒಂದಕ್ಷರ ಇಲ್ಲ” ಎಂದು ತೋರಿಸಿದರು. ನಿಜವಾಗಿಯೂ ಏನೂ ಇರಲಿಲ್ಲ. ಹೋಳಿಗೆಯ ಸುದ್ದಿಯೂ ಇಲ್ಲ, ನನ್ನ ನಿಯಮಗಳೂ ಇಲ್ಲ. ಒಂಬತ್ತರಲ್ಲಿ ಒಂದನ್ನು ನೀರೇ ಅಳಿಸಿತ್ತು.

ಕೊಪ್ಪಳದವರಲ್ಲಿ ಒಬ್ಬರು ಸಮಾಜದ ಮಾಸ್ತರರು; ಅವರದು ಬೇಗ ಮುಗಿಯಿತು. ಉಳಿದವರು ನಮ್ಮ ಮುಖ್ಯೋಪಾಧ್ಯಾಯರು. ವಯಸ್ಸಾಗಿದೆ; ಕಣ್ಣಿಗೆ ಪೊರೆ. ಸಂದೇಶವನ್ನು ತೆರೆದೇ ಇರಲಿಲ್ಲ. ಅವರ ಮೊಬೈಲು ಸಾಲುಗಟ್ಟಿ ನಿಂತ ಓದದ ಸಂದೇಶಗಳಿಂದ ತುಂಬಿತ್ತು. ನಾನು ಎರಡನ್ನೂ ಅಳಿಸಿ, ಬ್ಯಾಕಪ್ ಒತ್ತಿ ಕೊಟ್ಟೆ. “ಏನ್ ತಗದ್ಯೋ?” ಎಂದರು. ಒಂದು ತಪ್ಪು ಎಂದೆ. “ಒಂದs ಏನು? ಹಂಗಾರ ಸುಧಾರಿಸೀವಿ ಬಿಡು” ಎಂದರು.

ಡಿಸೆಂಬರ್ ಮುಗಿಯುವ ಮುನ್ನ ಒಂಬತ್ತು ಸಾಲುಗಳಿಗೂ ಗುರುತು ಬಿದ್ದಿತ್ತು. ನನ್ನ ಮೊಬೈಲಿನಿಂದ ಡ್ರಿಲ್ ಮಾಸ್ತರರ ಉತ್ತರವನ್ನು ತೆಗೆದಿದ್ದೆ. ಟೀಚರ್ ಸಂದೇಶವನ್ನು ತೆಗೆದಿರಲಿಲ್ಲ. ಪ್ರತಿ ಸಂಜೆ ಈ ದಿನ ತೆಗೆಯುವೆನೆಂದು ಬೆರಳಿಟ್ಟು, ಅದು ಹೊಳೆಯುವವರೆಗೆ ಒತ್ತಿ ಹಿಡಿದು, ಬಿಟ್ಟುಬಿಡುತ್ತಿದ್ದೆ. ಅದನ್ನು ಓದುವ ಚಪಲದಿಂದಲ್ಲ. ಖಾಲಿ ಮನೆಗೆ ಒಬ್ಬ ಮನುಷ್ಯನನ್ನು ಕಲ್ಪಿಸಿಕೊಂಡು, ಅವನಿಗೊಂದು ಊರು, ಒಂದು ಕೆಲಸ, ಒಂದು ಒಳ್ಳೆಯ ಅಭಿರುಚಿಯನ್ನು ಕೊಟ್ಟು ಹದಿನಾಲ್ಕು ವರ್ಷ ನಡೆಸಿಕೊಂಡು ಬಂದವರೊಬ್ಬರು ಪಕ್ಕದ ಕುರ್ಚಿಯಲ್ಲಿಯೇ ಕುಳಿತಿದ್ದರೆಂಬುದು ನನಗೆ ಬೇರೆಲ್ಲಿಯೂ ಬರೆದು ಸಿಗುವಂತಿರಲಿಲ್ಲ. ಹೆಂಡತಿ ಹೋದ ಮೇಲೆ ನಾನೂ ಕೆಲವು ವರ್ಷ ಎರಡು ತಟ್ಟೆ ಇಡುತ್ತಿದ್ದೆ. ಅದನ್ನು ನಾನು ಯಾವ ಅಕ್ಕನಿಗೂ ಬರೆದಿರಲಿಲ್ಲ.

ಇಟಗಿಯಲ್ಲಿ ಆ ಭಾನುವಾರ ಬಿಸಿಲು ಹಿತವಾಗಿತ್ತು. ಪುಷ್ಕರಣಿಯ ಬದಿಗೆ ಜಮಖಾನೆ ಹಾಸಿದ್ದೆವು. ಟೀಚರ್ ಕುಕನೂರಿನ ಕಡೆಯಿಂದ ಬಂದ ಬಸ್ಸಿನಿಂದ ಹೋಳಿಗೆಯ ಡಬ್ಬಿಯೊಂದಿಗೆ ಒಬ್ಬರೇ ಇಳಿದರು. ಹಳೆಯ ಸೀರೆಯೊಂದನ್ನು ಉಟ್ಟಿದ್ದರು. ಹಸಿರು ಮೈ, ಕುಂಕುಮದ ಬಣ್ಣದ ಅಂಚು. ಯಾವ ದೀಪಾವಳಿಯದೆಂದು ನನಗೆ ಗೊತ್ತಿತ್ತು. ಓದಿದ್ದವರೆಲ್ಲ ಒಮ್ಮೆಗೇ ಬುತ್ತಿಗಳನ್ನು ಬಿಚ್ಚತೊಡಗಿದರು. ಓದದಿದ್ದ ಮುಖ್ಯೋಪಾಧ್ಯಾಯರು, ಕಣ್ಣು ಕಿರಿದು ಮಾಡಿ, ದೊಡ್ಡ ದನಿಯಲ್ಲಿ ಕೇಳಿದರು:

“ಯಜಮಾನ್ರನ್ನ ಎಲ್ಲಿ ಬಿಟ್ಟಿರೆವಾ?”

ಡ್ರಿಲ್ ಮಾಸ್ತರರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಟೀಚರ್ ಡಬ್ಬಿಯನ್ನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, “ನಾ ಒಬ್ಬಾಕೀನs ಬಂದೀನ್ರಿ ಸರ್” ಎಂದರು. ಸೋಲಾಪುರದ ಮಾತು ಎತ್ತಲಿಲ್ಲ. “ಛಲೋ ಆತು ಬಿಡು, ನಮಗೊಂದು ಹೋಳಿಗಿ ಜಾಸ್ತಿ ಸಿಗ್ತೈತಿ” ಎಂದರು ಮುಖ್ಯೋಪಾಧ್ಯಾಯರು. ಎಲ್ಲರೂ ಅಗತ್ಯಕ್ಕಿಂತ ಜೋರಾಗಿ ನಕ್ಕರು. ಟೀಚರ್ ಕೂಡ.

ಊಟವಾದ ಮೇಲೆ ಉಳಿದವರು ಗುಡಿಯ ಕಂಬಗಳನ್ನು ನೋಡಲು ಹೋದರು. ಟೀಚರ್ ಪುಷ್ಕರಣಿಯ ಮೆಟ್ಟಿಲಿನ ಮೇಲೆ ನನ್ನಿಂದ ಒಂದು ಮಾರು ದೂರದಲ್ಲಿ ಕುಳಿತು, “ನಿಮ್ಮ ಮೊಬೈಲು ಕೊಡ್ರಿ ಸರ್. ಗ್ರೂಪಿನ್ಯಾಗ ನಾ ಇಲ್ಲದ್ದು ಹ್ಯಾಂಗ ಕಾಣ್ತೈತಿ ನೋಡ್ತೀನಿ” ಎಂದರು.

ಕೊಡಬಾರದಾಗಿತ್ತು. ಕೊಟ್ಟೆ. ಬಹುಶಃ ಕೊಡಬೇಕೆಂದೇ ಉಳಿಸಿಕೊಂಡಿದ್ದೆನೋ ಏನೋ.

ಅವರು ಸರಸರನೆ ಮೇಲಕ್ಕೆ ತಳ್ಳಿ ಹಳೆಯದಕ್ಕೆ ಹೋಗಿ, ಅಲ್ಲಿಂದ ಓದುತ್ತ ಕೆಳಕ್ಕೆ ಬಂದರು. ಮೊದಲು ನಗುತ್ತಿದ್ದರು. ಆಮೇಲೆ ಬೆರಳು ನಿಧಾನವಾಯಿತು. “ಇದು ನಂದು… ಇದೂ ನಂದು. ‘ಬಂದೆ ಸರ್.’ ಇದು ಮೂರು ವರ್ಷದ ಹಿಂದಿಂದು. ಎಲ್ಲಾ ಅದಾವಲ್ರಿ ಇಲ್ಲೆ. ಅಕೌಂಟ್ ಅಳಸಿದ್ರ ಹೋಗ್ಯಾವ ಅಂದ್ರಿ?”

ಗಣಿತದವರು, ಉಳಿದದ್ದನ್ನು ತಾವೇ ಬಿಡಿಸಿಕೊಂಡರು.

“ಹಂಗಾದ್ರ ಅಕೌಂಟ್ ಅಳಸಿದ್ರ ಏನೂ ಹೋಗಂಗಿಲ್ಲ. ಹೋಗಿದ್ರ ಕೈಲೆ ಅಳಿಸಿ ಹೋಗಿರಬೇಕು. ಅದಕ್ಕs ಸಿಪಾಯಿ ಆಗ ಅಂದ, ಸರ್ ಎರಡೆರಡು ಸಲ ನಮ್ಮನಿಗೆ ಬಂದಿದ್ರು, ಮೊಬೈಲಿನ್ಯಾಗ ತಪ್ಪು ತಿದ್ದಾಕ ಅಂತ.” ಆಮೇಲೆ ಕೇಳಿದರು: “ಒಂಬತ್ತೂ ಮಂದಿ ಮನಿಗೆ ಹೋಗಿದ್ರಿ?”

“ಎಂಟು. ಒಂದು ಗದ್ದೆಯ ನೀರಿಗೆ ಬಿದ್ದಿತ್ತು.”

ಅವರು ಮತ್ತೆ ಪರದೆ ನೋಡಿದರು. ನವೆಂಬರ್ 18 ದಾಟಿ 20ಕ್ಕೆ ಬಂದಿದ್ದರು. ಸಂದೇಶ ಅಲ್ಲಿಯೇ ಇತ್ತು. ಅದನ್ನು ಮೊದಲಿನಿಂದ ಕೊನೆಯವರೆಗೆ, ಯಾರೋ ಬರೆದದ್ದನ್ನು ಓದುವಂತೆ ಓದಿದರು. ತಾವು ಬರೆದ ಮರುಕ್ಷಣವೇ ತಮ್ಮ ಮೊಬೈಲಿನಿಂದ ಅಳಿಸಿಕೊಂಡಿದ್ದವರಿಗೆ ಅದನ್ನು ಓದುವ ಅವಕಾಶ ಅದೇ ಮೊದಲು.

“ಎಲ್ಲಾರದೂ ಅಳಿಸಿ ನಿಮ್ದೊಂದು ಇಟ್ಕೊಂಡೀರಿ.”

“ಹೌದು.”

“ಯಾಕ್ರಿ?”

“ನೀವು ಇಷ್ಟು ಉದ್ದವಾಗಿ ಬರೆದದ್ದು ಅದೊಂದೇ” ಎಂದೆ.

ಟೀಚರ್ ನೀರಿನ ಕಡೆ ನೋಡಿದರು. “ನಿಮಗ ಬರದದ್ದಲ್ರಿ ಅದು” ಎಂದರು. ಸಿಟ್ಟಿರಲಿಲ್ಲ, ಇದ್ದುದನ್ನು ಇದ್ದಂತೆ ಹೇಳಿದರು. ಅದಕ್ಕಿಂತ ಸರಿಯಾದ ವಾಕ್ಯವನ್ನು ನನ್ನ ಜೀವಮಾನದಲ್ಲಿ ಯಾರೂ ನನಗೆ ಹೇಳಿರಲಿಲ್ಲ.

“ಅಳಿಸಿಬಿಡಿ” ಎಂದೆ. ಬೆರಳಿಟ್ಟು ಒತ್ತಿ ಹಿಡಿದರು. ‘ಡಿಲೀಟ್ ಫಾರ್ ಮಿ’ ಎಂದು ಬಂದಿತು. “ಆವತ್ತ ಇದನ್ನs ಒತ್ತಿದ್ದೆ, ನೋಡ್ರಿ” ಎಂದು ಒತ್ತಿದರು. ಕೆಳಗೆ ‘ರದ್ದುಗೊಳಿಸಿ’ ಎಂಬ ಪಟ್ಟಿ ಕೆಲವು ಕ್ಷಣ ಕಾಣಿಸಿಕೊಂಡಿತು. ಇಬ್ಬರೂ ಅದನ್ನೇ ನೋಡುತ್ತ ಕುಳಿತೆವು. ಅದೂ ಹೋಯಿತು.

ಮತ್ತೆ ಖಾತೆ ತೆರೆದರೆ ನಾನೇ ಗ್ರೂಪಿಗೆ ಸೇರಿಸಿಕೊಳ್ಳುತ್ತೇನೆಂದು ಹೇಳಿದೆ. “ಬ್ಯಾಡ್ರಿ ಸರ್. ಬೇಕಂದ್ರ ಫೋನ್ ಮಾಡ್ರಿ” ಎಂದು ಎದ್ದು, ಉಳಿದವರಿದ್ದ ಕಡೆಗೆ ಹೋದರು. ನಾನು ಫೋನ್ ಮಾಡಲು ಇನ್ನೂ ಒಂದು ಕಾರಣವನ್ನು ಹುಡುಕುತ್ತಿದ್ದೇನೆ. ಇದನ್ನು ಬರೆಯಲು ಅನುಮತಿ ಕೇಳಿದ್ದೊಂದೇ ನಾನು ಮಾಡಿದ ಕರೆ.

ಇಂದು ನನ್ನ ಮೊಬೈಲಿನಲ್ಲಿ ಆ ಗ್ರೂಪನ್ನು ತೆರೆದರೆ ಅವರ ಹಳೆಯ ‘ಆಗಲಿ ಸರ್’ಗಳೆಲ್ಲ ಇವೆ. ಕೊನೆಯದು ಹೋಳಿಗೆ ತರುತ್ತೇನೆಂಬುದು. ಅದರ ಕೆಳಗೆ, ನನಗೆ ಮಾತ್ರ ಕಾಣುವ, ಅವರು ತೊರೆದರೆಂಬ ಬೂದು ಸಾಲು. ಅವೆರಡರ ನಡುವೆ ಏನೋ ಇತ್ತೆಂಬುದಕ್ಕೆ ಒಂದು ಚುಕ್ಕೆಯ ಗುರುತೂ ಇಲ್ಲ. ಹೋಳಿಗೆ ತರುತ್ತೇನೆಂದವರು ಕಾರಣವಿಲ್ಲದೆ ಎದ್ದುಹೋದಂತೆ ಕಾಣುತ್ತದೆ. ನಾನು ಫೋನಿನಲ್ಲಿ ‘ಹೋಗಿದೆ’ ಎಂದದ್ದು ನಿಜವಾದದ್ದು 2024ರ ಜನವರಿ 7, ಭಾನುವಾರದಂದು.